ಹಸುಗೂಸಿಗೆ ಲಂಗೋಟಿಯೋ ಡೈಪರೋ? ಮೊದಲ ಮೂರು ತಿಂಗಳಿಗೆ ಒಂದು ಮಾರ್ಗದರ್ಶಿ

ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ ಹದಿನೈದರ ಆಸುಪಾಸು ಸಲ ಉಚ್ಚೆ ಮಾಡುತ್ತದೆ. ಎದೆಹಾಲು ಕುಡಿಯುವ ಕೂಸಾದರೆ ಮೊದಲ ಕೆಲವು ವಾರ ಹೆಚ್ಚೂಕಮ್ಮಿ ಪ್ರತಿ ಸಲ ಹಾಲು ಕುಡಿದಾಗಲೂ ಕಕ್ಕ ಮಾಡುತ್ತದೆ. ಇಷ್ಟನ್ನು ಯಾವುದರಲ್ಲಿ ಹಿಡಿಯಬೇಕು ಅನ್ನುವುದಕ್ಕೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಡೈಪರ್ ಹಾಕಿದರೆ ಮಗುವಿನ ಚರ್ಮ ಬೆಂದುಹೋಗುತ್ತದೆ ಎನ್ನುವುದು ಅಜ್ಜಿಯ ಮಾತು. ಬಟ್ಟೆ ಒಗೆಯುವವರು ಯಾರು, ನೀರೆಲ್ಲಿದೆ ಎನ್ನುವುದು ಮಗುವಿನ ಅಪ್ಪ ಅಮ್ಮನ ಮಾತು. ಇಬ್ಬರದ್ದೂ ಅರ್ಧ ಸರಿ. ನನ್ನ ಪ್ರಕಾರ ಎರಡರಲ್ಲಿ ಒಂದನ್ನು ಆರಿಸುವ ಅಗತ್ಯವೇ ಇಲ್ಲ. ದಿನದ ಯಾವ ಹೊತ್ತಿಗೆ ಯಾವುದು ಎಂದು ಗೊತ್ತುಮಾಡಿಕೊಂಡರೆ ಹಣ, ಚರ್ಮ, ನೀರು ಮೂರೂ ಹಿಡಿತಕ್ಕೆ ಬರುತ್ತವೆ.

ಲೆಕ್ಕ ಗಾಳಿಯಲ್ಲಿ ತೇಲಬಾರದಲ್ಲ, ಅದಕ್ಕೆ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ನೀರೇ ಗತಿ. ಬಟ್ಟೆ ಒಣಹಾಕಲು ಒಂದು ಚಿಕ್ಕ ಬಾಲ್ಕನಿ. ಮಗು ಹುಟ್ಟಿದ್ದು ಜುಲೈನಲ್ಲಿ, ಅಂದರೆ ಬಟ್ಟೆ ಒಣಗದ ಕಾಲದಲ್ಲಿ. ಬೇಸಿಗೆಯಲ್ಲಿ ಹುಟ್ಟಿದ ಮಗು, ಹಿತ್ತಲಿರುವ ಊರಮನೆಯಾದರೆ ನಿಮ್ಮ ಕೆಲಸ ಇದಕ್ಕಿಂತ ಹಗುರ.

ಹೆಜ್ಜೆ 1: ಹೆರಿಗೆಗೆ ಮುಂಚೆಯೇ ಬಟ್ಟೆ ಸಿದ್ಧ ಮಾಡಿಕೊಳ್ಳಿ

ಹೊಸ ಲಂಗೋಟಿಗಿಂತ ಹಳೆಯ ಹತ್ತಿ ಬಟ್ಟೆ ಮೇಲು. ನೂರಾರು ಒಗೆತ ಕಂಡ ಪಂಚೆ, ಮೆತ್ತಗಾದ ಹತ್ತಿ ಸೀರೆ ನೀರನ್ನು ಬೇಗ ಹೀರುತ್ತವೆ, ಬೇಗ ಒಣಗುತ್ತವೆ. ಎಂಟು ಮೊಳದ ಪಂಚೆಯಲ್ಲಿ ಎರಡಡಿ ಚೌಕದ ಹನ್ನೆರಡು ತುಂಡು ಸಿಗುತ್ತವೆ. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ, ತೊಡೆ ಸಂದಿಗೆ ಉಜ್ಜುವುದೇ ಅದು. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡ. ಒಂದು ಹನಿ ನೀರು ಹಾಕಿ ನೋಡಿ. ಹನಿ ಮೇಲೆಯೇ ನಿಂತರೆ ಆ ಬಟ್ಟೆಯನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಪೆಟ್ಟಿಗೆಯಿಂದ ತೆಗೆದ ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನುಸಿ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಹಾಗೆಯೇ ಹಸುಗೂಸಿಗೆ ಸುತ್ತಬಾರದು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಹುಟ್ಟಿದ ದಿನ ನೋಡಿ ಹೇಳಲಾಗುವುದಿಲ್ಲ. ಗುಳಿಗೆ ಹಾಕಿದ ಪೆಟ್ಟಿಗೆಯ ಬಟ್ಟೆ ಬಿಟ್ಟು ಬೇರೆ ಹುಡುಕಿ, ಅದೇ ಸುರಕ್ಷಿತ.

ನಮ್ಮ ಉದಾಹರಣೆಯ ಮನೆಗೆ ಕಟ್ಟುವ ಲಂಗೋಟಿ 24 ಬೇಕು. ಹಗಲಿಗೆ ಹನ್ನೆರಡು ಬೇಕಾಗುತ್ತವೆ, ಅವನ್ನು ಒಗೆದು ಒಣಗಿಸುವ ತನಕ ಕಟ್ಟಲು ಇನ್ನು ಹನ್ನೆರಡು, ಅಲ್ಲಿಗೆ 24. ಪೂರ್ತಿ ಬಟ್ಟೆಯಲ್ಲೇ ನಿಭಾಯಿಸುವವರಿಗೆ 36 ಬೇಕು. ಇದರ ಜೊತೆ ಹಾಸಿಗೆಯ ಮೇಲೆ ಹಾಕಲು ಮೂರು ಡ್ರೈ ಶೀಟ್, ಮುಚ್ಚಳವಿರುವ ಒಂದು ಬಕೆಟ್. ಅಂಗಡಿಯಲ್ಲಿ ಸಿಗುವ ಗುಂಡಿ ಹಾಕುವ, ಒಳಗೆ ಪ್ಯಾಡ್ ಇಡುವ ಬಟ್ಟೆ ಡೈಪರನ್ನು ಈಗಲೇ ಕೊಳ್ಳಬೇಡಿ. ಹುಟ್ಟಿದಾಗಿನಿಂದ ಹಾಕಬಹುದು ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಮೂರು ಕೆಜಿಯ ಮಗುವಿನ ಸಪೂರ ತೊಡೆಗೆ ಅದು ಕೂರುವುದಿಲ್ಲ, ಸಂದಿಯಿಂದ ಸೋರುತ್ತದೆ. ಅದರ ದಪ್ಪ ಪ್ಯಾಡ್ ಜುಲೈ ತಿಂಗಳಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಮಗು ಐದು ಕೆಜಿ ದಾಟಲಿ, ಆಮೇಲೆ ನೋಡೋಣ.

ಹೆಜ್ಜೆ 2: ಮೊದಲ ವಾರ ಸಾಧ್ಯವಾದಷ್ಟೂ ಬಟ್ಟೆಯೇ

ಇದಕ್ಕೆ ಕಾರಣ ದುಡ್ಡೂ ಅಲ್ಲ, ಚರ್ಮವೂ ಅಲ್ಲ. ಮೊದಲ ವಾರದಲ್ಲಿ ಮಗುವಿಗೆ ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮನೆಯಲ್ಲಿರುವ ಅಳತೆಗೋಲು ಒದ್ದೆ ಬಟ್ಟೆಯೊಂದೇ. ಮೊದಲ ದಿನ ಕನಿಷ್ಠ ಒಂದು ಸಲ, ಎರಡನೇ ದಿನ ಎರಡು ಸಲ ಹೀಗೆ ಏರುತ್ತಾ ಹೋಗಿ, ಐದಾರನೇ ದಿನದಿಂದ ದಿನಕ್ಕೆ ಆರಕ್ಕಿಂತ ಕಡಿಮೆಯಾಗದಂತೆ ಚೆನ್ನಾಗಿ ಒದ್ದೆಯಾದ ಬಟ್ಟೆ ಸಿಗಬೇಕು. ಬಟ್ಟೆಯಲ್ಲಿ ಇದು ಕೈಗೆ ತಾಗಿ ಗೊತ್ತಾಗುತ್ತದೆ. ಡೈಪರಿನೊಳಗಿನ ಹರಳು ಒಂದೆರಡು ಚಮಚ ಉಚ್ಚೆಯನ್ನು ಹೀರಿ ಒಣಗಿದಂತೆಯೇ ಕಾಣುತ್ತದೆ, ಎಣಿಕೆ ತಪ್ಪಿಹೋಗುತ್ತದೆ.

ಬಣ್ಣವನ್ನೂ ನೋಡಬೇಕು. ಮೊದಲೆರಡು ದಿನ ಇಟ್ಟಿಗೆ ಪುಡಿಯಂಥ ಕೇಸರಿ ಕಲೆ ಬಿದ್ದರೆ ಅದು ಯೂರೇಟ್ ಹರಳು, ಗಾಬರಿ ಬೇಡ. ನಾಲ್ಕನೇ ದಿನ ಕಳೆದ ಮೇಲೂ ಅದು ಕಾಣುತ್ತಿದ್ದರೆ ಹಾಲು ಸಾಲುತ್ತಿಲ್ಲ ಎಂಬ ಸೂಚನೆ, ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಹೆಣ್ಣು ಕೂಸಿನ ಬಟ್ಟೆಯಲ್ಲಿ ಮೊದಲ ವಾರ ತುಸು ಬಿಳಿಯ ಅಥವಾ ನಸುಗೆಂಪು ಸ್ರಾವ ಕಂಡರೆ ಅದು ತಾಯಿಯ ಹಾರ್ಮೋನಿನ ಪ್ರಭಾವ, ತಾನಾಗಿಯೇ ನಿಲ್ಲುತ್ತದೆ.

ಮೊದಲೆರಡು ಮೂರು ದಿನದ ಕಪ್ಪು ಕಕ್ಕ ಡಾಂಬರಿನಂತೆ ಅಂಟುತ್ತದೆ. ಕುಂಡೆಗೆ ಮುಂಚೆಯೇ ಒಂದು ಪದರ ಕೊಬ್ಬರಿ ಎಣ್ಣೆ ಸವರಿಟ್ಟರೆ ಉಜ್ಜದೆಯೇ ಬಿಟ್ಟುಕೊಳ್ಳುತ್ತದೆ. ಈ ದಿನಗಳಿಗೆ ಒಗೆದಿಟ್ಟುಕೊಳ್ಳಲು ಮನಸ್ಸಿಲ್ಲದ ತೀರಾ ಹಳೆಯ ತುಂಡುಗಳನ್ನೇ ಬಳಸಿ ಎಸೆದುಬಿಡಿ, ಕಲೆ ಹೋಗುವುದಿಲ್ಲ.

ಕಟ್ಟುವುದು ಹೀಗೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ, ನಡುವೆ ಇನ್ನೊಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯಂತೆ ಇಡಿ. ಉದ್ದ ಬದಿ ಸೊಂಟದಡಿ ಬರಲಿ. ಕೆಳಗಿನ ತುದಿಯನ್ನು ಕಾಲುಗಳ ನಡುವೆ ಮೇಲೆ ತಂದು ಎರಡೂ ಪಕ್ಕದ ತುದಿಗಳನ್ನು ಅದರ ಮೇಲೆ ಕಟ್ಟಿ. ಗಂಟು ಹೊಕ್ಕುಳಬಳ್ಳಿಗಿಂತ ಕೆಳಗಿರಬೇಕು. ಬಳ್ಳಿ ಒಣಗಿ ಬೀಳುವ ತನಕ ಅದಕ್ಕೆ ಗಾಳಿ ತಾಗುತ್ತಿರಬೇಕು, ಒದ್ದೆ ಬಟ್ಟೆ ಅದನ್ನು ಮುಚ್ಚಬಾರದು. ಕಟ್ಟಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಪಿನ್ನು ಬೇಡ. ಲಂಗೋಟಿಯ ಮೇಲೆ ಮಗುವನ್ನು ಸುತ್ತುವಾಗ ಕಾಲು ನೆಟ್ಟಗಾಗಲೆಂದು ಎರಡೂ ಕಾಲನ್ನು ಜೋಡಿಸಿ ಬಿಗಿಯುವ ಪದ್ಧತಿ ಕೆಲವೆಡೆ ಇದೆ, ಅದು ಸೊಂಟದ ಕೀಲಿಗೆ ಕೆಡುಕು. ಕಾಲುಗಳು ಕಪ್ಪೆಯಂತೆ ಅಗಲವಾಗಿ ಮಡಚಿಕೊಂಡಿರುವುದೇ ಅವಕ್ಕೆ ಸಹಜ.

ಹೆಜ್ಜೆ 3: ಹಗಲಿಗೆ ಬಟ್ಟೆ, ರಾತ್ರಿಗೆ ಡೈಪರ್

ಎರಡನೇ ವಾರದಿಂದ ಹೊತ್ತನ್ನು ಹಂಚಿ. ಬೆಳಗಿನ ಎಣ್ಣೆ ನೀರು ಮುಗಿದ ಮೇಲಿಂದ ರಾತ್ರಿ ಮಲಗುವ ತನಕ ಲಂಗೋಟಿ. ರಾತ್ರಿಗೆ ಒಂದು ಡೈಪರ್, ನಡುವೆ ಕಕ್ಕ ಮಾಡಿದರೆ ಬದಲಿಸಲು ಇನ್ನೊಂದು. ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗುವಾಗ, ಊರಿಗೆ ಬಸ್ಸು ಹತ್ತುವಾಗ ಡೈಪರ್.

ರಾತ್ರಿಗೆ ಡೈಪರ್ ಯಾಕೆಂದರೆ ಲಂಗೋಟಿ ಒಂದೇ ಉಚ್ಚೆಗೆ ಒದ್ದೆ. ಬದಲಿಸಲು ಆ ಹೊತ್ತಿನಲ್ಲಿ ಏಳಬೇಕಾದವಳು ಹೆತ್ತು ಹತ್ತು ದಿನವಾದ ಬಾಣಂತಿ. ಅವಳು ಗಾಢ ನಿದ್ದೆಯಲ್ಲಿದ್ದು ಮಗು ಎರಡು ತಾಸು ಒದ್ದೆ ಬಟ್ಟೆಯಲ್ಲೇ ಮಲಗಿದರೆ ಬಟ್ಟೆಯಿಂದ ಆಗುವ ಲಾಭವೆಲ್ಲ ಅಲ್ಲೇ ಮುಗಿಯಿತು. ಡೈಪರಿನಲ್ಲಿರುವ ಹರಳು ಉಚ್ಚೆಯನ್ನು ಹಿಡಿದು ಜೆಲ್ ಮಾಡಿಕೊಳ್ಳುವುದರಿಂದ ಚರ್ಮ ಹೆಚ್ಚು ಹೊತ್ತು ಒಣಗಿರುತ್ತದೆ. ಆದರೆ ಈ ಗುಣ ಉಚ್ಚೆಗೆ ಮಾತ್ರ. ಕಕ್ಕವನ್ನು ಯಾವ ಹರಳೂ ಹೀರುವುದಿಲ್ಲ. ಹಾಗಾಗಿ ರಾತ್ರಿ ಹಾಲಿಗೆ ಎದ್ದಾಗಲೆಲ್ಲ ಒಮ್ಮೆ ಇಣುಕಿ ನೋಡಿ, ಕಕ್ಕ ಇದ್ದರೆ ತಕ್ಷಣ ಬದಲಿಸಿ. ಹಗಲಲ್ಲಿ ಡೈಪರ್ ಹಾಕಿದ್ದರೆ ತುಂಬಿದೆಯೋ ಇಲ್ಲವೋ ಎಂದು ಕಾಯದೆ ಮೂರು ತಾಸಿಗೊಮ್ಮೆ ಬದಲಿಸಿ. ಹನ್ನೆರಡು ತಾಸು ಹಿಡಿಯುತ್ತದೆ ಎಂಬ ಜಾಹೀರಾತು ಸೋರಿಕೆಯ ಬಗ್ಗೆ ಹೇಳುತ್ತದೆಯೇ ಹೊರತು ನಿಮ್ಮ ಮಗುವಿನ ಚರ್ಮದ ಬಗ್ಗೆ ಅಲ್ಲ.

ಹೆಜ್ಜೆ 4: ಮೂರು ಬಕೆಟ್ ನೀರಿನಲ್ಲಿ ಒಗೆಯುವುದು

ನೀರಿನ ಹೆದರಿಕೆಯಿಂದಲೇ ಹಲವರು ಬಟ್ಟೆ ಬಿಡುತ್ತಾರೆ. ದಿನದ ಹನ್ನೆರಡು ಲಂಗೋಟಿಗೆ 15 ಲೀಟರಿನ ಮೂರು ಬಕೆಟ್ ಸಾಕು, ಕ್ರಮ ತಿಳಿದಿದ್ದರೆ.

ಬದಲಿಸಿದ ತಕ್ಷಣ ಲಂಗೋಟಿಯನ್ನು ಒಂದು ಚೊಂಬು ತಣ್ಣೀರಿನಲ್ಲಿ ಜಾಲಿಸಿ ಹಿಂಡಿ, ಮುಚ್ಚಳದ ಬಕೆಟ್ಟಿಗೆ ಹಾಕಿ. ಎದೆಹಾಲು ಮಾತ್ರ ಕುಡಿಯುವ ಕೂಸಿನ ಕಕ್ಕ ನೀರಿನಲ್ಲಿ ಕರಗಿಹೋಗುವಂಥದ್ದು, ಆಗಲೇ ಜಾಲಿಸಿದರೆ ಉಜ್ಜುವ ಕೆಲಸವೇ ಇಲ್ಲ. ಇದಕ್ಕೆ ಇಡೀ ದಿನಕ್ಕೆ ಅರ್ಧ ಬಕೆಟ್ ನೀರು. ಈ ಕೊಳೆ ನೀರನ್ನು ಕಮೋಡಿಗೆ ಸುರಿಯಿರಿ, ಒಂದು ಫ್ಲಶ್ ಉಳಿಯಿತು. ಬಟ್ಟೆಯನ್ನು ನೀರಲ್ಲಿ ಇಡೀ ದಿನ ನೆನೆಹಾಕಬೇಡಿ, ಅಮೋನಿಯಾ ನಾತ ಹುಟ್ಟುವುದೇ ಅಲ್ಲಿ. ಮನೆಯಲ್ಲಿ ಓಡಾಡುವ ಇನ್ನೊಂದು ಮಗುವಿದ್ದರೆ ತುಂಬಿದ ಬಕೆಟ್ ಅಪಾಯವೂ ಹೌದು.

ಮರುದಿನ ಬೆಳಿಗ್ಗೆ ಅರ್ಧ ಬಕೆಟ್ ಬಿಸಿನೀರಿಗೆ ಒಂದು ಚಮಚ ಸಾದಾ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಆಮೇಲೆ ಒಂದೊಂದು ಬಕೆಟ್ಟಿನಲ್ಲಿ ಎರಡು ಸಲ ಜಾಲಿಸಿ. ಎರಡನೇ ಜಾಲಾಟದ ನೀರು ಹೆಚ್ಚೂಕಮ್ಮಿ ತಿಳಿಯಾಗಿರುತ್ತದೆ. ಅದನ್ನು ಚೆಲ್ಲದೆ ಇಟ್ಟುಕೊಂಡರೆ ಆ ದಿನದ ಕೊಳೆ ಜಾಲಿಸಲು ಅದೇ ಆಯಿತು, ಮಿಕ್ಕಿದ್ದು ನೆಲ ಒರೆಸಲು. ಮೊದಲ ಜಾಲಾಟದ್ದು ಮತ್ತೆ ಕಮೋಡಿಗೆ. ಹೀಗೆ ತಿರುಗಿಸಿ ಬಳಸಿದರೆ 45 ಲೀಟರಿನಲ್ಲಿ ಬಹುಪಾಲು ಮನೆಯಲ್ಲಿ ಹೇಗೂ ಖರ್ಚಾಗುತ್ತಿದ್ದ ನೀರೇ ಆಗುತ್ತದೆ.

ಜಾಲಿಸಿದ್ದು ಸಾಕಾಯಿತೇ ಎಂದು ನೋಡಲು, ಒಗೆದ ಲಂಗೋಟಿಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ. ನೊರೆ ಬಂದರೆ ಸೋಪು ಇನ್ನೂ ಒಳಗಿದೆ. ಬಟ್ಟೆ ಹಾಕಿದ ಮಗುವಿಗೂ ರ‍್ಯಾಶ್ ಬರುವುದಕ್ಕೆ ಈ ಉಳಿದ ಸೋಪು ಒಂದು ದೊಡ್ಡ ಕಾರಣ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಡೀಷನರ್ ನೂಲಿಗೆ ಜಿಡ್ಡಿನ ಪದರ ಕಟ್ಟಿ ಹೀರುವ ಶಕ್ತಿಯನ್ನೇ ಕುಂದಿಸುತ್ತದೆ. ಡೆಟ್ಟಾಲ್ ಥರದ ಕ್ರಿಮಿನಾಶಕ ನೂಲಿನಲ್ಲಿ ಉಳಿದು ಚರ್ಮ ಉರಿಸುತ್ತದೆ. ಎರಡೂ ಬೇಡ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಟ್ಟೆ ಹಪ್ಪಳದಂತೆ ಸೆಟೆದರೆ, ಒಣಗಿದ ಮೇಲೆ ಕೈಯಲ್ಲಿ ಚೆನ್ನಾಗಿ ಹೊಸಕಿ ಮೆತ್ತಗೆ ಮಾಡಿ ಕಟ್ಟಿ.

ಮೆಷಿನ್ ಇರುವವರಿಗೆ ಒಂದು ಮಾತು. ಹನ್ನೆರಡು ಲಂಗೋಟಿ ಒಂದು ಕೆಜಿಯೂ ತೂಗುವುದಿಲ್ಲ. ಅಷ್ಟಕ್ಕೇ ಮೆಷಿನ್ ತಿರುಗಿಸಿದರೆ ಮುಂಬಾಗಿಲಿನದ್ದು ಐವತ್ತು ಲೀಟರಿನ ಮೇಲೆ, ಹಳೆಯ ಮೇಲ್ಬಾಗಿಲಿನದ್ದು ನೂರರ ಮೇಲೆ ನೀರು ಕುಡಿಯುತ್ತದೆ. ಕೊಳೆ ಜಾಲಿಸಿ ಹಿಂಡಿಟ್ಟು, ದಿನ ಬಿಟ್ಟು ದಿನ ಮಗುವಿನ ಅಂಗಿ, ಹೊದಿಕೆ, ಟವೆಲ್ಲಿನ ಜೊತೆ ತುಂಬು ಹೊರೆಯಾಗಿ ಹಾಕಿ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಎರಡೂ ಬಗೆಯ ಡೈಪರುಗಳನ್ನು ತೂಗಿ ನೋಡಿದಾಗ ತಿಳಿದದ್ದೂ ಇದೇ: ತುಂಬು ಹೊರೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯಿಂದ ಪರಿಸರಕ್ಕೆ ಬೀಳುವ ಹೊರೆ ಕಡಿಮೆ. ಕುದಿವ ನೀರಲ್ಲಿ ಒಗೆದು ವಿದ್ಯುತ್ ಡ್ರೈಯರಿನಲ್ಲಿ ಒಣಗಿಸಿದರೆ ಆ ಲಾಭ ಕರಗಿಹೋಗುತ್ತದೆ.

ಒಣಗಿಸುವುದು ಜುಲೈ ಮಗುವಿನ ನಿಜವಾದ ತಲೆನೋವು. ಬಾಲ್ಕನಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ರಾತ್ರಿ ಫ್ಯಾನಿನಡಿ ಹಾಕಿ, ಕೊನೆಗೆ ಬಿಸಿ ಇಸ್ತ್ರಿ ಎಳೆಯಿರಿ. ತಂಪು ಉಳಿದ ಲಂಗೋಟಿಯನ್ನು ಪರವಾಗಿಲ್ಲ ಎಂದು ಕಟ್ಟಬೇಡಿ, ಬೂಷ್ಟಿಗೂ ಚರ್ಮದ ಶಿಲೀಂಧ್ರಕ್ಕೂ ಬೇಕಿರುವುದು ಆ ತಂಪೇ. ಬಚ್ಚಲೊಲೆಯ ಹೊಗೆಯಲ್ಲೋ ಸಾಂಬ್ರಾಣಿ ಹೊಗೆಯ ಮೇಲೋ ಬಟ್ಟೆ ಆರಿಸುವ ರೂಢಿ ಮಲೆನಾಡಿನ ಕಡೆ ಇನ್ನೂ ಇದೆ. ಬಟ್ಟೆ ಒಣಗುತ್ತದೆ ನಿಜ, ಆದರೆ ಅದೇ ಕೋಣೆಯಲ್ಲಿ ಮಗು ಮಲಗಿದ್ದರೆ ಹೊಗೆ ಅದರ ಎಳೆ ಶ್ವಾಸಕೋಶಕ್ಕೆ ಹೋಗುತ್ತದೆ. ನಾಲ್ಕು ದಿನ ಜಡಿಮಳೆ ಹಿಡಿದು ಬಟ್ಟೆ ಒಣಗದಿದ್ದರೆ ಹಗಲಿಗೂ ಡೈಪರ್ ಹಾಕಿ. ಟ್ಯಾಂಕರ್ ಬರದ ದಿನವೂ ಅಷ್ಟೇ.

ಹೆಜ್ಜೆ 5: ಮೂರು ತಿಂಗಳ ಖರ್ಚು

ಹಸುಗೂಸಿನ ಅಳತೆಯ ಡೈಪರ್ ಒಂದಕ್ಕೆ ₹10 ಎಂದು ಹಿಡಿಯೋಣ. ಪೂರ್ತಿ ಡೈಪರಿನಲ್ಲೇ ಇಟ್ಟರೆ ದಿನಕ್ಕೆ ಒಂಬತ್ತು, 90 ದಿನಕ್ಕೆ 810, ಅಂದರೆ ₹8,100.

ಪೂರ್ತಿ ಬಟ್ಟೆಯಾದರೆ ₹40ರ ಲಂಗೋಟಿ 36ಕ್ಕೆ ₹1,440, ಡ್ರೈ ಶೀಟಿಗೆ ₹450, ಸೋಪಿಗೆ ₹450. ದಿನಕ್ಕೆ ನಾಲ್ಕು ಬಕೆಟ್ ನೀರು ಬೇಕು, 90 ದಿನಕ್ಕೆ 5,400 ಲೀಟರ್. ಬೆಂಗಳೂರಿನಲ್ಲಿ 2024ರ ನೀರಿನ ಬರದಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಹತ್ತಿರದ ದೂರಕ್ಕೆ ₹1,000 ಎಂದು ದರ ಕಟ್ಟಿತ್ತು. ಆ ದರದಲ್ಲಿ ನೀರಿಗೆ ₹450. ಒಟ್ಟು ₹2,790.

ಹಗಲು ಬಟ್ಟೆ ರಾತ್ರಿ ಡೈಪರ್ ಕ್ರಮಕ್ಕೆ ದಿನಕ್ಕೆ ಎರಡು ಡೈಪರಿನಂತೆ ₹1,800, ಲಂಗೋಟಿ 24ಕ್ಕೆ ₹960, ಡ್ರೈ ಶೀಟಿಗೆ ₹450, ನೀರು ಸೋಪಿಗೆ ಸುಮಾರು ₹700. ಒಟ್ಟು ₹3,900ರ ಆಸುಪಾಸು. ಪಂಚೆ ಹರಿದು ಮಾಡಿಕೊಂಡವರಿಗೆ ಲಂಗೋಟಿಯ ಖರ್ಚೇ ಇಲ್ಲ.

ಟ್ಯಾಂಕರ್ ನೀರಾದರೂ ಹಣದ ಲೆಕ್ಕದಲ್ಲಿ ನೀರು ಚಿಲ್ಲರೆ ಬಾಬತ್ತು ಎಂಬುದನ್ನು ಗಮನಿಸಿ. ನೀರಿನ ತೊಂದರೆ ಬೆಲೆಯದ್ದಲ್ಲ, ಸಿಗುವುದರದ್ದು. ಈ ಲೆಕ್ಕದಲ್ಲಿ ಕಾಣದೆ ಹೋದದ್ದು ಕೂಲಿ. ಮನೆಗೆಲಸದವರಿಗೆ ಈ ಬಟ್ಟೆಗೆಂದು ತಿಂಗಳಿಗೆ ₹1,000 ಹೆಚ್ಚು ಕೊಟ್ಟರೆ ಪೂರ್ತಿ ಬಟ್ಟೆಯ ಖರ್ಚು ₹5,790 ಆಗುತ್ತದೆ, ಬೆರಕೆ ಕ್ರಮದ್ದು ₹6,900. ಉಳಿತಾಯದ ಬಹುಪಾಲು ಅಲ್ಲಿಗೆ ಹೋಯಿತು. ಕೊಡದಿದ್ದರೆ ಆ ದುಡಿಮೆ ಯಾರದ್ದೋ ಬೆನ್ನಿನ ಮೇಲೆ ಬಿದ್ದಿರುತ್ತದೆ, ಸಾಮಾನ್ಯವಾಗಿ ಬಾಣಂತನ ಮಾಡುವ ಅಮ್ಮನದ್ದು. ಮಗುವಿನ ಅಪ್ಪ ಬೆಳಗಿನ ಒಗೆತ ವಹಿಸಿಕೊಂಡ ಮನೆಗಳಲ್ಲಿ ಬಟ್ಟೆ ನಿಲ್ಲುತ್ತದೆ, ಉಳಿದ ಕಡೆ ಎರಡನೇ ತಿಂಗಳಿಗೆ ಕೈಬಿಡುತ್ತಾರೆ. ನಾನು ನೋಡಿದ್ದು ಹೀಗೆ.

ಹೆಜ್ಜೆ 6: ರ‍್ಯಾಶ್ ಬಂದಾಗ ಎಲ್ಲಿ ಬಂದಿದೆ ಎಂದು ನೋಡಿ

ಡೈಪರಿನಿಂದಲೇ ರ‍್ಯಾಶ್ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ಕಾಕ್ರೇನ್ ವಿಮರ್ಶೆಗೆ ಯಾವುದೇ ಕಡೆ ತೀರ್ಪು ಕೊಡುವಷ್ಟು ಪುರಾವೆ ಸಿಗಲಿಲ್ಲ. ರ‍್ಯಾಶ್ ಆಗುವ ಬಗೆ ಮಾತ್ರ ಗೊತ್ತು. ತೇವದಿಂದ ಚರ್ಮ ನೆನೆದು ಮೆತ್ತಗಾಗುತ್ತದೆ. ಉಚ್ಚೆ ಮತ್ತು ಕಕ್ಕ ಬೆರೆತಾಗ ಕ್ಷಾರ ಹೆಚ್ಚಿ, ಕಕ್ಕದಲ್ಲಿರುವ ಜೀರ್ಣ ಕಿಣ್ವಗಳು ಚುರುಕಾಗಿ ಆ ಚರ್ಮವನ್ನು ಸುಡುತ್ತವೆ. ಮೇಲೆ ಉಜ್ಜಾಟ ಬೇರೆ. ಕಕ್ಕ ಎಷ್ಟು ಹೊತ್ತು ಚರ್ಮಕ್ಕೆ ತಾಗಿಕೊಂಡಿತ್ತು ಎಂಬುದೇ ಮುಖ್ಯ.

ಬಟ್ಟೆ ತಾಗುವ ಉಬ್ಬು ಜಾಗಗಳು, ಅಂದರೆ ಕುಂಡೆ, ತೊಡೆಯ ಒಳಮೈ ಕೆಂಪಾಗಿ, ತೊಡೆ ಸಂದಿಯ ಮಡಿಕೆಯೊಳಗೆ ಚರ್ಮ ಚೆನ್ನಾಗಿದ್ದರೆ ಅದು ತೇವದ ರ‍್ಯಾಶ್. ಮನೆಯಲ್ಲೇ ನೋಡಿಕೊಳ್ಳಬಹುದು. ವೈಪ್ಸ್ ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಉಜ್ಜದೆ ಮೆತ್ತನೆ ಬಟ್ಟೆ ಒತ್ತಿ ಒರೆಸಿ, ಡ್ರೈ ಶೀಟಿನ ಮೇಲೆ ಏನೂ ಕಟ್ಟದೆ ಕಾಲು ಗಂಟೆ ಮಲಗಿಸಿ. ಆಮೇಲೆ ಝಿಂಕ್ ಆಕ್ಸೈಡ್ ಮುಲಾಮನ್ನು ಚರ್ಮ ಕಾಣದಷ್ಟು ದಪ್ಪಗೆ ಹಚ್ಚಿ. ಮುಂದಿನ ಸಲ ಬದಲಿಸುವಾಗ ಕೊಳೆಯಾದ ಮೇಲ್ಪದರ ಮಾತ್ರ ತೆಗೆಯಿರಿ, ಬುಡದ ತನಕ ತಿಕ್ಕಿದರೆ ಮತ್ತೆ ಗಾಯವಾಗುತ್ತದೆ. ಲಂಗೋಟಿಗೆ ಈ ಮುಲಾಮು ಮೆತ್ತಿದರೆ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ, ಹಾಗಾಗಿ ನಡುವೆ ಒಂದು ಹಳೆ ತುಂಡು ಇಡಿ. ರ‍್ಯಾಶ್ ಸೊಂಟದಲ್ಲೋ ತೊಡೆಯಲ್ಲೋ ಪಟ್ಟಿ ಎಳೆದಂತಿದ್ದರೆ ಡೈಪರಿನ ಎಲಾಸ್ಟಿಕ್ ಬಿಗಿಯಾಗಿದೆ, ಅಳತೆ ಬದಲಿಸಿ.

ಮಡಿಕೆಯೊಳಗೇ ಗಾಢ ಕೆಂಪಾಗಿ, ಅಂಚಿನಾಚೆ ಚಿಕ್ಕ ಚಿಕ್ಕ ಕೆಂಪು ಗುಳ್ಳೆಗಳು ಚದುರಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರ. ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಕಲೆ ಕಂಡರೆ ಅನುಮಾನ ಇನ್ನೂ ಗಟ್ಟಿ. ಝಿಂಕ್‌ನಿಂದ ಇದು ಹೋಗುವುದಿಲ್ಲ, ವೈದ್ಯರು ಶಿಲೀಂಧ್ರದ ಮುಲಾಮು ಬರೆದುಕೊಡಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಎಲ್ಲ ಚರ್ಮರೋಗಕ್ಕೂ ಎಂದು ಕೊಡುವ ಟ್ಯೂಬುಗಳಲ್ಲಿ ಹಲವು ಬಾರಿ ಪ್ರಬಲ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಶಿಲೀಂಧ್ರ ಹೆಚ್ಚುತ್ತದೆ. ಡೈಪರಿನ ಮುಚ್ಚಿಗೆಯಡಿ ಆ ಔಷಧ ಇನ್ನಷ್ಟು ಒಳಗಿಳಿಯುತ್ತದೆ. ಪೌಡರ್ ಕೂಡ ಬೇಡ, ಮಡಿಕೆಯಲ್ಲಿ ಮುದ್ದೆಯಾಗಿ ಉಜ್ಜುತ್ತದೆ, ಮಗು ಉಸಿರಲ್ಲಿ ಎಳೆದುಕೊಳ್ಳುತ್ತದೆ.

ಮೂರು ದಿನದಲ್ಲಿ ಇಳಿಯದ ರ‍್ಯಾಶ್ ವೈದ್ಯರಿಗೆ. ಕೀವು, ನೀರುಗುಳ್ಳೆ, ಚರ್ಮ ಸುಲಿಯುವುದು ಕಂಡರೆ, ಜ್ವರ ಬಂದರೆ ಅಥವಾ ಮಗು ಹಾಲು ಬಿಟ್ಟರೆ ಮೂರು ದಿನ ಕಾಯುವ ಪ್ರಶ್ನೆಯೇ ಇಲ್ಲ, ಆಗಲೇ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 7: ಬಳಸಿದ ಡೈಪರ್

ಕಕ್ಕವನ್ನು ಕಮೋಡಿಗೆ ಉದುರಿಸಿ, ಡೈಪರನ್ನು ಸುರುಳಿ ಸುತ್ತಿ ಅದರದ್ದೇ ಅಂಟು ಪಟ್ಟಿಯಿಂದ ಬಿಗಿದು, ಹಳೆ ಪೇಪರಿನಲ್ಲಿ ಕಟ್ಟಿ ಕೆಂಪು ಗುರುತು ಹಾಕಿ. ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಬೇರೆಯಾಗಿ ಕಸದ ಗಾಡಿಯವರಿಗೆ ಕೊಡಿ. ಕಸ ವಿಂಗಡಿಸುವ ಕೈಗಳು ಅದನ್ನು ಬಿಚ್ಚದೆ ಗುರುತಿಸಬೇಕು, ಗುರುತು ಹಾಕುವುದು ಅದಕ್ಕೇ. ಫ್ಲಶ್ ಮಾಡಿದರೆ ಹರಳು ಊದಿ ಪೈಪು ಕಟ್ಟುತ್ತದೆ. ಹಿತ್ತಲಲ್ಲಿ ಸುಡುವುದೂ ಬೇಡ, ಒಳಗಿರುವುದು ಬಹುಪಾಲು ಪ್ಲಾಸ್ಟಿಕ್ಕು.

ಮೂರು ತಿಂಗಳ ನಂತರ

ಆ ಹೊತ್ತಿಗೆ ಮಗು ಐದು ಕೆಜಿ ದಾಟಿರುತ್ತದೆ, ಕಕ್ಕ ದಿನಕ್ಕೆ ಒಂದೆರಡಕ್ಕೆ ಇಳಿದಿರುತ್ತದೆ. ಒಂದೊಂದು ಸಲದ ಉಚ್ಚೆಯ ಪ್ರಮಾಣ ಮಾತ್ರ ಹೆಚ್ಚಿರುತ್ತದೆ, ತೆಳು ಲಂಗೋಟಿ ಅದನ್ನು ತಡೆಯುವುದಿಲ್ಲ. ಪ್ಯಾಡ್ ಇಡುವ ಬಟ್ಟೆ ಡೈಪರ್ ಕೊಳ್ಳುವ ಕಾಲ ಇದು. ಒಂದಕ್ಕೆ ₹400ರಿಂದ ₹1,000 ಇರುವುದರಿಂದ ಡಜನ್ನುಗಟ್ಟಲೆ ತರಬೇಡಿ. ಎರಡು ತಂದು, ತೊಡೆಯ ಸುತ್ತ ಸಂದು ಬಿಡದೆ ಕೂರುತ್ತದೆಯೇ, ಪ್ಯಾಡ್ ನಿಮ್ಮ ಬಾಲ್ಕನಿಯಲ್ಲಿ ಒಂದೇ ದಿನಕ್ಕೆ ಒಣಗುತ್ತದೆಯೇ ಎಂದು ಒಂದು ವಾರ ನೋಡಿ. ಹಳೆಯ ಲಂಗೋಟಿಗಳನ್ನು ನಾಲ್ಕು ಮಡಿಕೆ ಮಾಡಿದರೆ ಅದರೊಳಗಿನ ಪ್ಯಾಡಿನ ಜಾಗಕ್ಕೆ ಸರಿಯಾಗಿ ಕೂರುತ್ತವೆ, ದಪ್ಪ ಪ್ಯಾಡಿಗಿಂತ ಬೇಗ ಒಣಗುತ್ತವೆ ಕೂಡ.